ಸಂದರ್ಶನದ ವೇಳೆ ಹೊಂದಿಸಿಕೊಟ್ಟವರಿಗೆ ನಾಲ್ಕು ಸಾಲು

ಜುಲೈ ತಿಂಗಳ ಒಂದು ಸಂಜೆ ಬ್ರಹ್ಮಾವರದಿಂದ ತಂಗಿಯ ಮಗಳು ಫೋನ್ ಮಾಡಿದಳು. ಮಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಅವಳ ನಾಲ್ಕನೆಯ ಮತ್ತು ಕೊನೆಯ ಸುತ್ತಿನ ಸಂದರ್ಶನ ಅಂದು ಮುಗಿದಿತ್ತು.

"ದೊಡ್ಡಮ್ಮ, ಪ್ರಶ್ನೆ ಕೇಳಿದವರಿಗೆಲ್ಲ ಧನ್ಯವಾದ ಬರೆದಾಯಿತು. ವೇಳೆ ಹೊಂದಿಸಿಕೊಟ್ಟ ಮೇಡಂಗೂ ಬರೆಯಬೇಕು ಅಂತ ಇದೆ. ಆದರೆ ಅವರಿಗೆ ಏನು ಬರೆಯುವುದು? ಅವರು ನನ್ನನ್ನು ಏನೂ ಕೇಳಲೇ ಇಲ್ಲವಲ್ಲ" ಎಂದಳು.

ಅವಳು ಕೇಳಿದ್ದು ಸರಿಯಾದ ಜಾಗದಲ್ಲಿಯೇ. ಕಂಪನಿಗಳು ಇಂಟರ್‌ವ್ಯೂ ಕೋಆರ್ಡಿನೇಟರ್ ಎಂದು ಕರೆಯುವ ಆ ಕೆಲಸವನ್ನು ನಾನು ಮಂಗಳೂರಿನಲ್ಲಿ ಎಂಟು ವರ್ಷ ಮಾಡಿದ್ದೇನೆ. ಆ ಎಂಟು ವರ್ಷಗಳಲ್ಲಿ ನನಗೆ ಬಂದ ಧನ್ಯವಾದ ಪತ್ರಗಳಲ್ಲಿ ಹೆಚ್ಚಿನವು ಯಾರಿಗೆ ಬೇಕಾದರೂ ಕಳಿಸಬಹುದಾದಂಥವು. ಹೆಸರು ಬದಲಾಯಿಸಿದರೆ ಗ್ಯಾಸ್ ಏಜೆನ್ಸಿಗೂ ನಡೆಯುತ್ತಿತ್ತು. ಹಾಗಾಗದಂತೆ ಬರೆಯುವುದು ಹೇಗೆ ಎಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರ ಕೆಲಸ ಏನೆಂದು ತಿಳಿದುಕೊಳ್ಳಿ

ಅಭ್ಯರ್ಥಿಗೆ ಕಾಣುವುದು ಒಂದು ಆಹ್ವಾನ: ಗುರುವಾರ, ಹನ್ನೊಂದು ಗಂಟೆ, ಇಗೋ ಲಿಂಕ್. ಅದರ ಹಿಂದೆ ನಡೆದದ್ದು ಬೇರೆಯೇ. ಸಂದರ್ಶನ ಮಾಡುವ ಇಬ್ಬರೂ ಒಟ್ಟಿಗೆ ಬಿಡುವಾಗಿರುವ ಒಂದು ಗಂಟೆ ಹುಡುಕಬೇಕು. ಆ ವಾರದಲ್ಲಿ ಅಂಥದ್ದು ಎರಡೋ ಮೂರೋ ಸಿಕ್ಕರೆ ಪುಣ್ಯ. ಅದರಲ್ಲಿ ನಿಮಗೆ ಯಾವುದು ಹೊಂದುತ್ತದೆ ಎಂದು ಕೇಳಬೇಕು. ನೀವು ಉತ್ತರ ಕೊಡುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರಿಗೆ ಬೇರೆ ಸಭೆ ಬಿದ್ದಿರುತ್ತದೆ. ಮತ್ತೆ ಮೊದಲಿನಿಂದ.

ಸುತ್ತುಗಳು ಹಲವಾದಾಗ ಇನ್ನೊಂದು ತೊಡಕು ಸೇರುತ್ತದೆ. ಸಾಮಾನ್ಯವಾಗಿ ಒಂದು ಸುತ್ತಿನವರು ತಮ್ಮ ಅಭಿಪ್ರಾಯವನ್ನು ಬರೆದು ಕೊಡುವವರೆಗೆ ಮುಂದಿನ ಸುತ್ತು ನಡೆಯುವುದಿಲ್ಲ. ಹಾಗಾಗಿ ಎರಡನೆಯ ಸುತ್ತು ಒಂದು ದಿನ ಜಾರಿದರೆ ಮೂರನೆಯದೂ ನಾಲ್ಕನೆಯದೂ ಅದರ ಹಿಂದೆಯೇ ಜಾರುತ್ತವೆ, ಅವುಗಳಿಗಾಗಿ ಕಾದಿರಿಸಿದ ಜನರ ಸಮಯವೂ ಹೋಗುತ್ತದೆ. ನಿಮಗೆ 'ವೇಳೆ ಬದಲಾಗಿದೆ' ಎಂಬ ಒಂದು ಸಾಲು ಬಂದ ದಿನ ಅವರು ಏಳೆಂಟು ಜನರಿಗೆ ಬರೆದಿರುತ್ತಾರೆ, ಅದರಲ್ಲಿ ಇಬ್ಬರಿಗೆ ಫೋನ್ ಮಾಡಿ ನೆನಪಿಸಿರುತ್ತಾರೆ.

ಇಷ್ಟಾದರೂ ನಿಮ್ಮನ್ನು ಆರಿಸುವುದರಲ್ಲಿ ಅವರ ಮಾತು ನಡೆಯುವುದಿಲ್ಲ. ಇದನ್ನು ಗಟ್ಟಿ ಮಾಡಿಕೊಳ್ಳಿ, ಏಕೆಂದರೆ ಪತ್ರದ ಧಾಟಿ ಇದರಿಂದಲೇ ತೀರ್ಮಾನವಾಗುತ್ತದೆ. ಪ್ರಶ್ನೆ ಕೇಳಿದವರಿಗೆ ಬರೆಯುವಾಗ ನಿಮ್ಮ ಅರ್ಹತೆಯ ಬಗ್ಗೆ ಒಂದು ಮಾತು ಸೇರಿಸಿದರೆ ತಪ್ಪಿಲ್ಲ. ಇವರಿಗೆ ಬರೆಯುವಾಗ ಅದಕ್ಕೆ ಜಾಗವೇ ಇಲ್ಲ.

ಹಳೆಯ ಮೇಲ್‌ಗಳನ್ನು ತೆರೆದು ಓದಿ

ಪತ್ರ ಬರೆಯುವ ಮೊದಲು ಅವರಿಂದ ಬಂದ ಎಲ್ಲ ಮೇಲ್‌ಗಳನ್ನೂ ಮೊದಲಿನಿಂದ ಓದಿ. ಎಲ್ಲೆಲ್ಲಿ ವೇಳೆ ಬದಲಾಯಿತು, ಬದಲಾವಣೆ ಕೇಳಿದ್ದು ಯಾರು, ಅವರು ಎಷ್ಟು ಹೊತ್ತಿನಲ್ಲಿ ಉತ್ತರಿಸಿದರು ಎಂದು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಹತ್ತು ನಿಮಿಷದ ಕೆಲಸ. ತಂಗಿಯ ಮಗಳಿಂದಲೂ ಇದನ್ನೇ ಮಾಡಿಸಿದೆ. ಅವಳ ಕಾಗದದಲ್ಲಿ ಮೂರು ಗುರುತುಗಳು ಬಿದ್ದವು.

ಎರಡನೆಯ ಸುತ್ತು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆನ್‌ಲೈನಿನಲ್ಲಿ ಇತ್ತು. ಹತ್ತು ನಲವತ್ತಕ್ಕೆ ಕರೆಂಟ್ ಹೋಯಿತು. ಗಾಳಿಮಳೆಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಯಾವಾಗ ಬರುತ್ತದೆ ಎಂದು ಲೈನ್‌ಮನ್ನಿಗೂ ಗೊತ್ತಿರುವುದಿಲ್ಲ, ಮೊಬೈಲ್ ಸಿಗ್ನಲ್ಲಿನಲ್ಲಿ ವಿಡಿಯೋ ನಿಲ್ಲುವುದಿಲ್ಲ. ಇವಳು ಕೂಡಲೇ ಮೆಸೇಜ್ ಹಾಕಿದಳು. ಹನ್ನೊಂದರೊಳಗೆ ಉತ್ತರ ಬಂತು: ಇಂದೇ ಸಂಜೆ ನಾಲ್ಕಕ್ಕೆ ಮಾಡೋಣ.

ಮೂರನೆಯ ಸುತ್ತಿನಲ್ಲಿ ಒಬ್ಬರು ಜರ್ಮನಿಯಿಂದ ಸೇರುವವರಿದ್ದರು. ಅಲ್ಲಿ ಬೇಸಿಗೆಯ ಸಮಯದಂತೆ ಬೆಳಿಗ್ಗೆ ಹನ್ನೊಂದಾದಾಗ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ. ಆಹ್ವಾನದಲ್ಲಿ ಎರಡೂ ಸಮಯ ನಮೂದಾಗಿತ್ತು.

ನಾಲ್ಕನೆಯದು ಮಂಗಳೂರಿನ ಕಚೇರಿಯಲ್ಲಿ ಮುಖಾಮುಖಿ, ಬೆಳಿಗ್ಗೆ ಒಂಬತ್ತೂವರೆಗೆ. ಬ್ರಹ್ಮಾವರದಿಂದ ಉಡುಪಿ, ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರು ಎಂದರೆ ಎಪ್ಪತ್ತು ಕಿಲೋಮೀಟರಿನಷ್ಟು ದಾರಿ. ಬಿಸಿಲಿನ ದಿನವಾದರೆ ಹೇಗೋ ಆಗುತ್ತದೆ. ಹಿಂದಿನ ಸಂಜೆ ಭಾರಿ ಮಳೆಯ ಎಚ್ಚರಿಕೆ ಬಂದು, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದರು. ಅದಾಗಿ ಸ್ವಲ್ಪ ಹೊತ್ತಿಗೆ ಆ ಮೇಡಂ ತಾವಾಗಿಯೇ ಫೋನ್ ಮಾಡಿದ್ದರು: "ನೀವು ಬ್ರಹ್ಮಾವರದಿಂದ ಬರಬೇಕಲ್ಲ, ಹನ್ನೊಂದಕ್ಕೆ ಇಟ್ಟುಕೊಳ್ಳೋಣವೇ?" ಬದಲಾದ ಆಹ್ವಾನದ ಕೆಳಗೆ ಕನ್ನಡದಲ್ಲಿ ಒಂದು ಸಾಲು ಇತ್ತು. 'ಜಾಗ್ರತೆಯಾಗಿ ಬನ್ನಿ.'

ಮೂರರಲ್ಲಿ ಯಾವುದನ್ನು ಹೇಳುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಪತ್ರ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಅವಳಿಗೆ ಮೂರನ್ನೂ ಬರೆಯುವ ಆಸೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಅವರು ಕೈ ಎತ್ತದೆ ಸುಮ್ಮನೆ ಕುಳಿತಿದ್ದರೆ ಯಾವುದು ಆಗುತ್ತಿರಲಿಲ್ಲ?

ಜರ್ಮನಿಯ ಸಮಯ ಆಗುತ್ತಿತ್ತು. ಎರಡು ದೇಶಗಳ ಸಮಯವನ್ನು ಕ್ಯಾಲೆಂಡರ್ ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಅದಕ್ಕೆ ಧನ್ಯವಾದ ಹೇಳಿದರೆ ಗಡಿಯಾರಕ್ಕೆ ಕೈಮುಗಿದಂತೆ. ಕರೆಂಟ್ ಹೋದ ದಿನದ್ದು ಅವರು ಮಾಡಿದ್ದೇ, ಆದರೆ ಇವಳು ಕೇಳಿದ ಮೇಲೆ ಮಾಡಿದ್ದು. ಇಪ್ಪತ್ತು ನಿಮಿಷದೊಳಗೆ ಮಾಡಿದ್ದು ಮಾತ್ರ ಸಣ್ಣದಲ್ಲ. ಮೂರನೆಯದು ಕೇಳದೆ ಮಾಡಿದ್ದು. ಅಭ್ಯರ್ಥಿಯ ವಿಳಾಸ ನೆನಪಿಟ್ಟುಕೊಂಡು, ಹವಾಮಾನದ ಸುದ್ದಿ ನೋಡಿ, ಮೂವರು ಹಿರಿಯರ ಬೆಳಗನ್ನು ಒಂದೂವರೆ ಗಂಟೆ ಮುಂದಕ್ಕೆ ತಳ್ಳುವುದನ್ನು ಯಾವ ಯಂತ್ರವೂ ಮಾಡುವುದಿಲ್ಲ, ಯಾವ ನಿಯಮವೂ ಮಾಡಿಸುವುದಿಲ್ಲ.

ಹಾಗಾಗಿ ನಾಲ್ಕನೆಯ ಸುತ್ತಿನ ಬದಲಾವಣೆ ಪತ್ರದ ಮುಖ್ಯ ಮಾತಾಯಿತು. ಕರೆಂಟಿನ ದಿನಕ್ಕೆ ಒಂದು ವಾಕ್ಯ. ಜರ್ಮನಿ ಬಿಟ್ಟುಹೋಯಿತು.

ನಿಮ್ಮ ಸಂದರ್ಶನದಲ್ಲಿ ಇಂಥದ್ದೇನೂ ನಡೆದಿಲ್ಲ, ಎಲ್ಲ ಸುತ್ತುಗಳೂ ಹೇಳಿದ ಹೊತ್ತಿಗೇ ಆದವು ಎನ್ನುತ್ತೀರಾದರೆ ಅದನ್ನೇ ಬರೆಯಿರಿ. ಎರಡು ವಾರದಲ್ಲಿ ನಾಲ್ಕು ಸುತ್ತು, ಒಂದೂ ಜಾರಲಿಲ್ಲ ಎಂಬುದು ತಾನಾಗಿ ಆಗುವಂಥದ್ದಲ್ಲ. ಎರಡು ಸುತ್ತುಗಳ ನಡುವೆ ಊಟಕ್ಕೆ ಬಿಡುವು ಇತ್ತೇ, ಯಾರು ಸಂದರ್ಶನ ಮಾಡುತ್ತಾರೆ ಎಂದು ಮೊದಲೇ ಹೆಸರು ಕೊಟ್ಟಿದ್ದರೇ, ಗೇಟಿನಲ್ಲಿ ನಿಮ್ಮ ಪಾಸ್ ಸಿದ್ಧವಿತ್ತೇ ನೋಡಿ. ಅದು ಯಾರೋ ಒಬ್ಬರು ನೆನಪಿಟ್ಟು ಮಾಡಿದ್ದೇ ಆಗಿರುತ್ತದೆ.

ಬರೆದದ್ದು, ಹೊಡೆದು ಹಾಕಿದ್ದು

ನನ್ನನ್ನು ಕೇಳುವ ಮೊದಲು ಅವಳು ಒಂದು ಕರಡು ಬರೆದಿಟ್ಟಿದ್ದಳು. ಅವಳ ಅನುಮತಿ ಪಡೆದೇ ಇಲ್ಲಿ ಕೊಡುತ್ತಿದ್ದೇನೆ.

> ಗೌರವಾನ್ವಿತ ಮೇಡಂ, ನನ್ನ ಸಂದರ್ಶನ ಪ್ರಕ್ರಿಯೆಯನ್ನು ಅತ್ಯಂತ ಸುಗಮವಾಗಿ ನಡೆಸಿಕೊಟ್ಟ ತಮಗೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಅವಕಾಶಕ್ಕಾಗಿ ಕಾತರದಿಂದ ಕಾಯುತ್ತಿದ್ದೇನೆ. ಫಲಿತಾಂಶ ಯಾವಾಗ ತಿಳಿಯಬಹುದು ಎಂದು ದಯವಿಟ್ಟು ತಿಳಿಸಿ. ಪ್ರಯಾಣ ವೆಚ್ಚದ ಬಗ್ಗೆ ಬಸ್ಸಿನ ಟಿಕೆಟ್‌ಗಳನ್ನು ಲಗತ್ತಿಸಿದ್ದೇನೆ.

ಮೊದಲ ವಾಕ್ಯ ಸನ್ಮಾನ ಪತ್ರದ್ದು. 'ಸುಗಮವಾಗಿ' ಎಂಬುದರಲ್ಲಿ ಏನು ಸುಗಮವಾಯಿತು ಎಂಬುದೇ ಇಲ್ಲ. ಎರಡನೆಯದು ಆ ಮೇಡಂಗೆ ಸಂಬಂಧಿಸಿದ್ದಲ್ಲ. ಮೂರನೆಯದು ಇಡೀ ಪತ್ರವನ್ನು ಕೆಡಿಸುತ್ತದೆ: ಫಲಿತಾಂಶದ ಪ್ರಶ್ನೆ ಬಂದೊಡನೆ ಮೇಲಿನ ಧನ್ಯವಾದ ಅದಕ್ಕೆ ಹಾಕಿದ ಪೀಠಿಕೆಯಂತೆ ಕಾಣುತ್ತದೆ. ಅಲ್ಲದೆ ಉತ್ತರ ಅವರ ಕೈಯಲ್ಲಿಲ್ಲ, 'ಸಂಬಂಧಪಟ್ಟವರು ತಿಳಿಸುತ್ತಾರೆ' ಎಂಬ ಒಣ ಸಾಲನ್ನು ಅವರು ಮತ್ತೊಮ್ಮೆ ಬೆರಳಚ್ಚು ಮಾಡಬೇಕಾಗುತ್ತದೆ.

ನಾಲ್ಕನೆಯ ವಾಕ್ಯದ ಬಗ್ಗೆ ನನಗೆ ಸ್ವಂತ ಸಿಟ್ಟಿದೆ. ಪ್ರಯಾಣ ವೆಚ್ಚದ ಮೇಲ್ ಅಲ್ಲಿಂದ ಹಾಗೆಯೇ ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತದೆ. ನಿಮ್ಮ ಮನದಾಳದ ಕೃತಜ್ಞತೆಯನ್ನು ಕೊನೆಗೆ ಓದುವವರು ಟಿಕೆಟ್ಟಿನ ಮೊತ್ತ ಕೂಡಿಸುವ ಗುಮಾಸ್ತರು. ಒಮ್ಮೆ ನನಗೆ ಬಂದ ಬಹಳ ಚಂದದ ಪತ್ರವೊಂದು ಹೀಗೆಯೇ ಹೋಗಿ, 'ಎರಡನೆಯ ಟಿಕೆಟ್ ಓದಲಾಗುತ್ತಿಲ್ಲ' ಎಂಬ ಟಿಪ್ಪಣಿಯೊಂದಿಗೆ ಮರಳಿ ಬಂದಿತ್ತು. ಟಿಕೆಟ್ ಕಳಿಸುವುದಿದ್ದರೆ ಬೇರೆ ಮೇಲ್ ಮಾಡಿ, ಬೇರೆ ದಿನವಾದರೆ ಇನ್ನೂ ಒಳ್ಳೆಯದು.

ಎಲ್ಲವನ್ನೂ ಹೊಡೆದು ಹಾಕಿದ ಮೇಲೆ ಉಳಿದದ್ದು 'ಮೇಡಂ' ಮತ್ತು 'ಧನ್ಯವಾದಗಳು' ಮಾತ್ರ. "ಈಗ ಆ ಮೇಡಂ ಎದುರಿಗೆ ಸಿಕ್ಕಿದ್ದರೆ ಏನು ಹೇಳುತ್ತಿದ್ದೆ, ಹೇಳು ಮಾರಾಯ್ತಿ" ಎಂದೆ. "ನೀವು ಹನ್ನೊಂದಕ್ಕೆ ಮಾಡಿದ್ದು ದೊಡ್ಡ ಉಪಕಾರವಾಯಿತು ಅನ್ನುತ್ತಿದ್ದೆ" ಎಂದಳು. ನಮ್ಮ ಕಡೆಯ 'ಉಪಕಾರವಾಯಿತು' ಎಂಬ ಮಾತಿನಲ್ಲಿ ಒಂದು ಅನುಕೂಲವಿದೆ. ಅದನ್ನು ಹೇಳಲು ಹೊರಟರೆ ಏನು ಉಪಕಾರವಾಯಿತು ಎಂದು ಹೇಳದೆ ವಾಕ್ಯ ಮುಗಿಯುವುದಿಲ್ಲ. 'ಹೃತ್ಪೂರ್ವಕ ಧನ್ಯವಾದ' ಏನನ್ನೂ ಹೇಳದೆ ಮುಗಿದುಬಿಡುತ್ತದೆ. ಕೊನೆಗೆ ಹೋದ ಪತ್ರ ಇದು:

> ನಮಸ್ಕಾರ ಮೇಡಂ,
>
> ಇಂದಿಗೆ ನನ್ನ ನಾಲ್ಕೂ ಸುತ್ತುಗಳು ಮುಗಿದವು. ಮಳೆಯ ಸುದ್ದಿ ನೋಡಿ ನೀವೇ ಫೋನ್ ಮಾಡಿ ಒಂಬತ್ತೂವರೆಯ ವೇಳೆಯನ್ನು ಹನ್ನೊಂದಕ್ಕೆ ಬದಲಾಯಿಸಿದ್ದು ದೊಡ್ಡ ಉಪಕಾರವಾಯಿತು. ಬಸ್ ತಡವಾದರೂ ಇಪ್ಪತ್ತು ನಿಮಿಷ ಮೊದಲೇ ತಲುಪಿ, ಕೊಡೆ ಮಡಚಿ, ತಲೆ ಒರೆಸಿಕೊಂಡು ಕುಳಿತುಕೊಳ್ಳಲು ಆಯಿತು. ಎರಡನೆಯ ಸುತ್ತಿನ ದಿನ ಕರೆಂಟ್ ಹೋದಾಗಲೂ ಅದೇ ಸಂಜೆಗೆ ವೇಳೆ ಹುಡುಕಿಕೊಟ್ಟಿರಿ. ಎರಡಕ್ಕೂ ಧನ್ಯವಾದಗಳು.
>
> ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.

ಕೆಳಗೆ ಅವಳ ಹೆಸರು, ಅರ್ಜಿ ಹಾಕಿದ ಹುದ್ದೆಯ ಹೆಸರು. ಹುದ್ದೆಯ ಹೆಸರು ಬೇಕು, ಏಕೆಂದರೆ ಆ ವಾರ ಅವರು ಇನ್ನೂ ಹಲವರ ವೇಳೆ ಹೊಂದಿಸಿರುತ್ತಾರೆ. ಕೊನೆಯ ಸಾಲನ್ನು ನಾನು ಸೇರಿಸಿದ್ದು. ದಿನಕ್ಕೆ ನೂರು ಮೇಲ್ ನೋಡುವವರಿಗೆ, ಇದೊಂದಕ್ಕೆ ಏನೂ ಮಾಡಬೇಕಾಗಿಲ್ಲ ಎಂದು ತಿಳಿಯುವುದೇ ಒಂದು ನೆಮ್ಮದಿ.

'ತಲೆ ಒರೆಸಿಕೊಂಡು' ಎಂಬುದನ್ನು ತೆಗೆಯಬೇಕೇ ಎಂದು ಅವಳು ಎರಡು ಸಲ ಕೇಳಿದಳು. ಬೇಡ ಎಂದೆ. ಒಂದೂವರೆ ಗಂಟೆಯಿಂದ ಏನಾಯಿತು ಎಂಬುದು ಆ ಮೇಡಂಗೆ ಕಾಣುವುದು ಅಲ್ಲಿಯೇ.

ಹೆಸರು ಮತ್ತು ಸಂಬೋಧನೆ

ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲಿ ನಡೆದಿದ್ದರೆ ಧನ್ಯವಾದವೂ ಇಂಗ್ಲಿಷಿನಲ್ಲಿರಲಿ. ಅವರು ನಿಮ್ಮೊಡನೆ ಫೋನಿನಲ್ಲಿ ಕನ್ನಡ ಮಾತಾಡಿದ್ದು, ಪತ್ರ ಅವರೊಬ್ಬರಿಗೇ ಹೋಗುವುದಾದರೆ ಕನ್ನಡ ಚೆನ್ನಾಗಿ ನಡೆಯುತ್ತದೆ. ಇವಳಿಗೆ 'ಜಾಗ್ರತೆಯಾಗಿ ಬನ್ನಿ' ಎಂಬ ಸಾಲೇ ಒಪ್ಪಿಗೆ ಕೊಟ್ಟಂತಾಯಿತು. ತುಳುವಿನ 'ಸೊಲ್ಮೆಲು' ಕೇಳಲು ಹಿತವೇ, ಆದರೆ ಅವರು ತುಳುವರೆಂದು ಖಚಿತವಾಗಿ ಗೊತ್ತಿರಬೇಕು.

ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ನೆನಪಿನಿಂದ ಬರೆಯಬೇಡಿ, ಅವರ ಸಹಿಯಿಂದ ನಕಲು ಮಾಡಿ. ನಮ್ಮ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಪೈ ಎಂಬವರಿಗೆ ಒಂದು ಅಕ್ಷರ ಹೆಚ್ಚು ಹಾಕಿದರೆ ಪಾಯ್ಸ್ ಆಗುತ್ತದೆ, ದೇವಸ್ಥಾನಕ್ಕೆ ಹೋಗುವವರನ್ನು ಇಗರ್ಜಿಗೆ ಕಳಿಸಿದಂತೆ. ಕಿರಣ್, ಸುಮನ್ ಮುಂತಾದ ಹೆಸರುಗಳಲ್ಲಿ ಗಂಡಸೋ ಹೆಂಗಸೋ ತಿಳಿಯದಿದ್ದರೆ ಸರ್, ಮೇಡಂ ಎರಡನ್ನೂ ಬಿಟ್ಟು 'ಕಿರಣ್ ಅವರೇ' ಎಂದು ಬರೆದರಾಯಿತು. ಕನ್ನಡದ 'ಅವರು' ಈ ಕಷ್ಟವನ್ನು ಎಂದೋ ನೀಗಿಸಿದೆ.

ಎಲ್ಲಿಗೆ, ಯಾವಾಗ ಕಳಿಸುವುದು

ಇಲ್ಲಿ ಬಹಳ ಜನ ಎಡವುತ್ತಾರೆ. ಸಂದರ್ಶನದ ಆಹ್ವಾನಗಳು ಎಷ್ಟೋ ಸಲ ಆ ವ್ಯಕ್ತಿಯ ವಿಳಾಸದಿಂದ ಬಂದಿರುವುದಿಲ್ಲ, ನೇಮಕಾತಿಯ ತಂತ್ರಾಂಶ ಕಳಿಸಿರುತ್ತದೆ. ಅದಕ್ಕೆ ಉತ್ತರಿಸಿದರೆ ಮೂರರಲ್ಲಿ ಒಂದಾಗಬಹುದು. ಯಾರೂ ಓದದ ಪೆಟ್ಟಿಗೆಗೆ ಬೀಳಬಹುದು. ಆಹ್ವಾನದಲ್ಲಿದ್ದ ಎಲ್ಲ ಸಂದರ್ಶಕರಿಗೂ ಹೋಗಬಹುದು. ಇಲ್ಲವೇ ನಿಮ್ಮ ಅರ್ಜಿಯ ಕಡತದಲ್ಲಿ ಸೇರಿಕೊಂಡು, ಆ ನೇಮಕಾತಿ ನೋಡುವ ಎಲ್ಲರಿಗೂ ಕಾಣುತ್ತಿರಬಹುದು. ಮೂರನೆಯದು ಅಪಾಯವೇನಲ್ಲ, ಆದರೆ 'ಎರಡನೆಯ ಸುತ್ತಿನವರು ತಡವಾಗಿ ಬಂದರೂ ನೀವು ನಿಭಾಯಿಸಿದಿರಿ' ಎಂಬಂಥ ಮಾತು ಅಲ್ಲಿ ಬೀಳಬಾರದು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ದೂರುವ ಈ ರೀತಿಯ ಪತ್ರ ಬಂದಾಗ ನಾನು ಅದನ್ನು ಯಾರಿಗೂ ತೋರಿಸಲಾಗದೆ ಒದ್ದಾಡಿದ್ದಿದೆ.

ಆದ್ದರಿಂದ ಅವರು ಸ್ವತಃ ಕೈಯಾರೆ ಬರೆದ ಕೊನೆಯ ಮೇಲ್ ಹುಡುಕಿ, ಅದಕ್ಕೆ ಉತ್ತರಿಸಿ. ಗುರುತು ಸುಲಭ: ಅದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇರುತ್ತದೆ, ಕೆಳಗೆ ಅವರ ಸಹಿ ಇರುತ್ತದೆ. ಕಳಿಸುವ ಮೊದಲು ವಿಳಾಸದ ಜಾಗದಲ್ಲಿ ಒಂದೇ ಹೆಸರಿದೆ ಎಂದು ನೋಡಿಕೊಳ್ಳಿ. ಎಲ್ಲ ವ್ಯವಹಾರವೂ ವಾಟ್ಸ್ಆ್ಯಪಿನಲ್ಲಿ ನಡೆದಿದ್ದರೆ ಅಲ್ಲಿಯೇ ಬರೆಯಬಹುದು. ಕೈಮುಗಿದ ಚಿತ್ರ, ಹೂಗುಚ್ಛ, ಧ್ವನಿ ಸಂದೇಶ ಯಾವುದೂ ಬೇಡ.

ವೇಳೆಯ ಮಟ್ಟಿಗೆ, ಕೊನೆಯ ಸುತ್ತು ಮುಗಿದ ಸಂಜೆ ಅಥವಾ ಮರುದಿನ ಬೆಳಿಗ್ಗೆ. ಪ್ರತಿ ಸುತ್ತಿನ ಬಳಿಕವೂ ಬರೆಯಬೇಕಾಗಿಲ್ಲ, ನಡುವಿನ ಸುತ್ತುಗಳಿಗೆ 'ಆಹ್ವಾನ ಸಿಕ್ಕಿತು, ಆ ಹೊತ್ತಿಗೆ ಇರುತ್ತೇನೆ' ಎಂಬ ಉತ್ತರವನ್ನು ತಡಮಾಡದೆ ಕೊಟ್ಟರೆ ಅವರಿಗೆ ಧನ್ಯವಾದಕ್ಕಿಂತ ಹೆಚ್ಚು ಉಪಯೋಗ. ಫಲಿತಾಂಶ ಬಂದ ಮೇಲೆ ಬರೆದರೆ, ಆಯ್ಕೆಯಾದವರ ಪತ್ರ ಸಂಭ್ರಮದಲ್ಲಿ ಕರಗಿಹೋಗುತ್ತದೆ. ಆಯ್ಕೆಯಾಗದವರು ಬರೆಯುವುದು ಅಪರೂಪ, ಬರೆದರೆ ಎರಡೇ ಸಾಲು ಸಾಕು. ಅಂಥ ಎರಡು ಪತ್ರಗಳು ನನ್ನ ಬಳಿ ಇನ್ನೂ ಇವೆ.

ಸುತ್ತುಗಳ ನಡುವೆ ವೇಳೆ ಹೊಂದಿಸುವವರೇ ಬದಲಾಗಿದ್ದರೆ ಇಬ್ಬರಿಗೂ ಬೇರೆ ಬೇರೆಯಾಗಿ, ಅವರವರು ಮಾಡಿದ್ದನ್ನು ಹೇಳಿ ಬರೆಯಿರಿ.

ಕೈಯಲ್ಲಿ ಏನಾದರೂ ಕೊಡಬಹುದೇ

ಕೊಡಬಾರದು. ಒಂದು ಜನವರಿಯಲ್ಲಿ ಉಡುಪಿ ಕಡೆಯ ಹುಡುಗನೊಬ್ಬ ಕೊನೆಯ ಸುತ್ತಿಗೆ ಬರುವಾಗ ನನಗಾಗಿ ಒಂದು ಚೀಲ ಮಟ್ಟುಗುಳ್ಳ ತಂದಿದ್ದ. ಮನೆಯ ಗದ್ದೆಯದು, ಬೆಳಿಗ್ಗೆ ಕೊಯ್ದದ್ದು, ತೊಟ್ಟು ಇನ್ನೂ ಹಸಿರಾಗಿತ್ತು. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಆಯ್ಕೆ ಇನ್ನೂ ಮುಗಿಯದಿರುವಾಗ ಅಭ್ಯರ್ಥಿಯಿಂದ ಏನನ್ನೂ ತೆಗೆದುಕೊಳ್ಳಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ಅವನು ಆ ಚೀಲವನ್ನು ಸ್ವಾಗತ ಮೇಜಿನ ಪಕ್ಕದಲ್ಲಿಟ್ಟು ಸಂದರ್ಶನಕ್ಕೆ ಹೋದ, ಬರುವಾಗ ಎತ್ತಿಕೊಂಡು ಹೋದ. ಹುಳಿ ಮಾಡುವ ಆಸೆ ನನಗೂ ಇತ್ತು. ಅವನ ಮುಖ ಸಣ್ಣದಾದದ್ದು ನೆನಪಾದರೆ ಈಗಲೂ ಬೇಸರವಾಗುತ್ತದೆ.

ತಂಗಿಯ ಮಗಳ ಪತ್ರ ಅಂದು ರಾತ್ರಿ ಎಂಟಕ್ಕೆ ಹೋಯಿತು. ಉತ್ತರ ಬೇಡವೆಂದು ಬರೆದಿದ್ದರೂ ಮರುದಿನ ಬೆಳಿಗ್ಗೆ ಒಂದು ಸಾಲು ಬಂದಿತ್ತು, ಅವಳು ಅದನ್ನು ನನಗೆ ಕಳಿಸಿದಳು: 'ಆ ಗುರುವಾರ ನಮ್ಮ ಮನೆಯಲ್ಲೂ ಕರೆಂಟ್ ಇರಲಿಲ್ಲ. ನಿಮ್ಮ ನಾಲ್ಕು ಗಂಟೆಯನ್ನು ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿಯೇ ಹೊಂದಿಸಿದ್ದೆ.'